ಹುಡುಕಿಕೊಂಡು ಬಂದವರಿಗೆ ಒಂದು ಟೈಟಲ್, ಎದುರಿಗೆ ಸಿಕ್ಕವರಿಗೆ ಇನ್ನೊಂದು

ಮಡಿಕೇರಿಯಲ್ಲಿ ಯೂಟ್ಯೂಬ್ ವಿಡಿಯೊ ಮಾಡುವ ಕೆಲವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡು ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ತೋಟದ ಕೆಲಸ ತೋರಿಸುವವರಿದ್ದೀರಿ, ಅಡುಗೆ ತೋರಿಸುವವರಿದ್ದೀರಿ, ಮಾಂದಲಪಟ್ಟಿ, ದುಬಾರೆ, ತಲಕಾವೇರಿ ಅಂತ ಊರು ಸುತ್ತಿಸುವವರೂ ಇದ್ದೀರಿ. ಮಾತು ಶುರುವಾಗುವ ಮೊದಲೇ ನಾಲ್ಕೈದು ಜನ ಫೋನ್ ಹಿಡಿದುಕೊಂಡು ಬಂದು ಒಂದೇ ಪ್ರಶ್ನೆ ಕೇಳಿದಿರಿ: "ಈ ಟೈಟಲ್ ಸರಿ ಇದೆಯಾ?" ಟೈಟಲ್ ನೋಡಿದರೆ ಅದು ಗೊತ್ತಾಗುವುದಿಲ್ಲ. ಆ ವಿಡಿಯೊಗೆ ಜನ ಎಲ್ಲಿಂದ ಬರುತ್ತಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು. ಇವತ್ತು ನಾನು ಹೇಳುವುದು ಇದೊಂದೇ ವಿಷಯ.

ಚಾನೆಲ್ಲಿನ ಲೆಕ್ಕವೆಲ್ಲ ಸಿಗುವ ಯೂಟ್ಯೂಬ್ ಸ್ಟುಡಿಯೋ ತೆರೆಯಿರಿ. ಒಂದು ವಿಡಿಯೊ ಆರಿಸಿ, Analytics ಒತ್ತಿ, Reach ಅನ್ನುವ ಟ್ಯಾಬ್‌ಗೆ ಹೋಗಿ. ನೋಡುಗರು ಯಾವ ಯಾವ ದಾರಿಯಿಂದ ಬಂದರು ಅನ್ನುವ ಪಟ್ಟಿ ಅಲ್ಲಿ ಸಿಗುತ್ತದೆ. ಅದರಲ್ಲಿ ಸಾಲುಗಳು ಹಲವು. ನಮಗೆ ಮುಖ್ಯವಾದವು ಮೂರು. YouTube search ಅಂದರೆ ಮೇಲಿನ ಪೆಟ್ಟಿಗೆಯಲ್ಲಿ ಏನೋ ಟೈಪ್ ಮಾಡಿ, ಇಲ್ಲವೇ ಮೈಕ್ ಒತ್ತಿ ಮಾತಾಡಿ ಬಂದವರು. Browse features ಅಂದರೆ ಹೆಚ್ಚಾಗಿ ಹೋಮ್ ಪೇಜಿನಲ್ಲಿ ನಿಮ್ಮ ವಿಡಿಯೊ ಕಣ್ಣಿಗೆ ಬಿದ್ದು ಒತ್ತಿದವರು. ಸಬ್‌ಸ್ಕ್ರಿಪ್ಷನ್ ಪುಟದವರೂ ಇದರಲ್ಲೇ ಸೇರುತ್ತಾರೆ. Suggested videos ಅಂದರೆ ಬೇರೆ ವಿಡಿಯೊ ನೋಡುತ್ತಿದ್ದಾಗ ಅದರ ಪಕ್ಕದಲ್ಲೋ ಕೆಳಗೋ ನಿಮ್ಮದು ಕಂಡು ಬಂದವರು. ಮೊದಲನೆಯದು ಹುಡುಕಾಟ. ಉಳಿದ ಎರಡು, ಯೂಟ್ಯೂಬ್ ತಾನಾಗಿ ತೋರಿಸಿದ್ದು.

ಗೊಬ್ಬರದ ಅಂಗಡಿಗೆ ಬಂದು "ಎರಡು ಕೆಜಿ ಮೈಲುತುತ್ತ ಕೊಡಿ" ಅನ್ನುವವನಿಗೂ, ಸಂತೆಯಲ್ಲಿ ಸುಮ್ನೆ ಕಣ್ಣಾಡಿಸುತ್ತಾ ಹೋಗುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಮೊದಲನೆಯವನ ತಲೆಯಲ್ಲಿ ಪ್ರಶ್ನೆ ಆಗಲೇ ಇದೆ. ಅವನಿಗೆ ಬೇಕಾದ ವಸ್ತು ಇಲ್ಲಿದೆ ಅಂತ ಗೊತ್ತಾದರೆ ಸಾಕು. ಎರಡನೆಯವನ ತಲೆಯಲ್ಲಿ ನಿಮ್ಮ ವಿಷಯವೇ ಇಲ್ಲ. ಅವನು ನಿಲ್ಲಬೇಕಾದರೆ ಪ್ರಶ್ನೆಯನ್ನು ನೀವೇ ಹುಟ್ಟಿಸಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸೋಮವಾರಪೇಟೆ ಕಡೆಯ ಒಂದು ಸಣ್ಣ ತೋಟ, ಅವರದೊಂದು ಸಣ್ಣ ಚಾನೆಲ್ ಅಂದುಕೊಳ್ಳಿ. ಮುಂದೆ ಬರುವ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನೇ ಇಟ್ಟಿರುವವು, ಯಾರದೇ ಚಾನೆಲ್ಲಿನವು ಅಲ್ಲ. ಮೇ ತಿಂಗಳ ಕೊನೆಯಲ್ಲಿ ಇವರು ಒಂದು ವಿಡಿಯೊ ಹಾಕುತ್ತಾರೆ. ಮಳೆ ಹಿಡಿಯುವ ಮೊದಲು ಕಾಳುಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ಅನ್ನುವ ದ್ರಾವಣ ಹೊಡೆಯುವ ಕೆಲಸ. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುತ್ತಾರೆ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕಲಸುತ್ತಾರೆ, ಎರಡನ್ನೂ ಸೇರಿಸುತ್ತಾರೆ. ಹದ ಸರಿ ಇದೆಯಾ ಅಂತ ನೋಡಲು ಒಂದು ಕಬ್ಬಿಣದ ಕತ್ತಿ ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಒಳ್ಳೆಯ ವಿಡಿಯೊ, ನಿಜಕ್ಕೂ ಉಪಯೋಗದ್ದು. ಆದರೆ ಟೈಟಲ್ ಹೀಗಿದೆ: "ಮಳೆಗಾಲ ಬಂತು! ತೋಟದಲ್ಲಿ ಇವತ್ತು ಏನು ಕೆಲಸ ಗೊತ್ತಾ?"

ಹತ್ತು ದಿನ ಕಳೆದ ಮೇಲೆ ಪಟ್ಟಿ ತೆರೆದು ನೋಡುತ್ತಾರೆ. ಹುಡುಕಾಟದಿಂದ ನೂರಕ್ಕೆ 58, ಹೋಮ್ ಪೇಜಿನಿಂದ 14, ಸಜೆಸ್ಟೆಡ್‌ನಿಂದ 9, ಉಳಿದದ್ದು ವಾಟ್ಸಾಪ್ ಮುಂತಾದ ಹೊರಗಿನ ದಾರಿಗಳಿಂದ. ಟೈಟಲ್‌ನಲ್ಲಿ ಬೋರ್ಡೋ ಅನ್ನುವ ಮಾತೇ ಇಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಜನ ಹುಡುಕಿಕೊಂಡು ಬಂದಿದ್ದಾರೆ. ಹೇಗೆ ಅಂದರೆ, ಡಿಸ್ಕ್ರಿಪ್ಷನ್‌ನಲ್ಲಿ ಅಳತೆ ಬರೆದಿದ್ದರು. ಹುಡುಕಿದ ಮಾತಿಗೂ ವಿಡಿಯೊಗೂ ಹೊಂದಾಣಿಕೆ ಇದೆಯಾ ಅಂತ ನೋಡುವಾಗ ಯೂಟ್ಯೂಬ್ ಟೈಟಲ್ ಜೊತೆಗೆ ಡಿಸ್ಕ್ರಿಪ್ಷನ್ ಮತ್ತು ವಿಡಿಯೊದ ಒಳಗಿನ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಈ ವಿಡಿಯೊ ಟೈಟಲ್‌ನ ಸಹಾಯವಿಲ್ಲದೆಯೇ ಹುಡುಕುವವರನ್ನು ತಲುಪಿದೆ. ಟೈಟಲ್ ಸರಿಮಾಡಿದರೆ ಎಷ್ಟು ಲಾಭ ಅಂತ ಇದರಿಂದಲೇ ಊಹಿಸಬಹುದು.

ಈಗ YouTube search ಅನ್ನುವ ಸಾಲನ್ನೇ ಒತ್ತಿ. ಜನ ಟೈಪ್ ಮಾಡಿದ ಮಾತುಗಳು ಅಲ್ಲಿ ಕಾಣಿಸುತ್ತವೆ. ನನ್ನನ್ನು ಕೇಳಿದರೆ ಇಡೀ ಅನಲಿಟಿಕ್ಸ್‌ನಲ್ಲಿ ಇಷ್ಟು ಬೆಲೆಬಾಳುವ ಪುಟ ಇನ್ನೊಂದಿಲ್ಲ. ಯಾಕೆಂದರೆ ಇಲ್ಲಿ ನೋಡುಗರು ತಮ್ಮ ಮಾತಿನಲ್ಲೇ ಮಾತಾಡುತ್ತಾರೆ. ನಮ್ಮ ಉದಾಹರಣೆಯ ಪಟ್ಟಿ ಹೀಗಿದೆ ಅಂದುಕೊಳ್ಳಿ:

`bordo mixture in kannada`
`ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ`
`bordeaux mixture 1% preparation`
`adike kole roga`
`menasu soragu roga`

ಇದರಲ್ಲಿ ಮೂರು ಸಂಗತಿ ಕಾಣುತ್ತವೆ. ಒಂದು, ಜನ ಕನ್ನಡದ ಮಾತನ್ನೇ ಹುಡುಕಿದರೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅದರಲ್ಲೂ ಸ್ಪೆಲಿಂಗ್ ಬಾಯಿಗೆ ಬಂದ ಹಾಗೆ. ಎರಡು, ಯಾರೂ "ಮಳೆಗಾಲ" ಅಂತ ಹುಡುಕಿಲ್ಲ, "ತೋಟದ ಕೆಲಸ" ಅಂತಲೂ ಹುಡುಕಿಲ್ಲ. ಅವರಿಗೆ ಬೇಕಾಗಿರುವುದು ಅಳತೆ. ಮೂರನೆಯದು ನನಗೆ ಎಲ್ಲಕ್ಕಿಂತ ರುಚಿಯಾದದ್ದು: ನಾಲ್ಕನೇ ಸಾಲು ಅಡಿಕೆಯವರದು. ಅಡಿಕೆಯ ಕೊಳೆರೋಗಕ್ಕೂ ಇದೇ ಒಂದು ಪರ್ಸೆಂಟ್ ಬೋರ್ಡೋ ಹೊಡೆಯುತ್ತಾರೆ. ಅಂದರೆ ಕೊಡಗಿನ ಮೆಣಸಿನ ವಿಡಿಯೊಗೆ ಪುತ್ತೂರು, ತೀರ್ಥಹಳ್ಳಿ, ಶಿರಸಿ ಕಡೆಯವರೂ ಬರುತ್ತಿರಬಹುದು. ಟೈಟಲ್‌ನಲ್ಲಿ "ಕೊಡಗು" ಅಂತ ಮೊದಲೇ ಹಾಕಿದ್ದರೆ "ಇದು ನಮಗಲ್ಲ" ಅಂತ ಅವರು ಮುಂದೆ ಹೋಗುತ್ತಿದ್ದರು. ಊರಿನ ಹೆಸರು ಹಾಕುವ ಆಸೆ ನಮಗೆ ಜಾಸ್ತಿ, ಅಲ್ವಾ? ಹುಡುಕಾಟದ ವಿಡಿಯೊದಲ್ಲಿ, ಊರನ್ನೇ ಹುಡುಕುತ್ತಿದ್ದರೆ ಮಾತ್ರ ಊರಿನ ಹೆಸರು ಬೇಕು.

ಹಾಗಾದರೆ ಹೊಸ ಟೈಟಲ್ ಏನು? ನಾನಾದರೆ ಹೀಗೆ ಇಡುತ್ತಿದ್ದೆ: "ಬೋರ್ಡೋ ದ್ರಾವಣ ತಯಾರಿಸುವ ವಿಧಾನ: 100 ಲೀಟರ್‌ಗೆ 1% ಅಳತೆ | Bordeaux mixture". ಹುಡುಕುವ ಮಾತು ಎಲ್ಲಕ್ಕಿಂತ ಮೊದಲು, ಆಮೇಲೆ ಅವರಿಗೆ ಬೇಕಾದ ಅಂಕಿ, ಕೊನೆಗೆ ಇಂಗ್ಲಿಷ್ ಅಕ್ಷರದ ಹೆಸರು. ಇದರಲ್ಲಿ ಕುತೂಹಲ ಹುಟ್ಟಿಸುವಂಥದ್ದು ಏನೂ ಇಲ್ಲ, ಬೇಕಾಗಿಯೂ ಇಲ್ಲ. ಡ್ರಮ್ಮಿನ ಪಕ್ಕ ನಿಂತು, ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಹುಡುಕುತ್ತಿರುವವನಿಗೆ ಕುತೂಹಲ ಹುಟ್ಟಿಸಲು ಹೋದರೆ ಅವನಿಗೆ ಸಿಟ್ಟು ಬರುತ್ತದೆ. `bordo` ಥರದ ತಪ್ಪು ಸ್ಪೆಲಿಂಗ್‌ಗಳನ್ನು ಟೈಟಲ್‌ಗೆ ತುರುಕಬೇಡಿ, ಅವಕ್ಕೆ ಟ್ಯಾಗ್ ಇದೆ. ಟ್ಯಾಗ್‌ನಿಂದ ಈಗ ದೊಡ್ಡ ಉಪಯೋಗವೇನೂ ಇಲ್ಲ. ಹೀಗೆ ಜನ ತಪ್ಪಾಗಿ ಬರೆಯುವ ಮಾತುಗಳಿಗೆ ಮಾತ್ರ ಅದು ಒದಗಿಬರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ.

ಒಂದು ಸಣ್ಣ ಎಚ್ಚರಿಕೆ. ಟೈಟಲ್‌ಗೆ 100 ಕ್ಯಾರೆಕ್ಟರ್ ಮಿತಿ ಇದೆ. ಕನ್ನಡದಲ್ಲಿ ಇದು ಬೇಗ ಮುಗಿಯುತ್ತದೆ. ಕಂಪ್ಯೂಟರ್ ಒತ್ತಕ್ಷರ, ಗುಣಿತಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. "ಬೋರ್ಡೋ" ಅಂದರೆ ಕಣ್ಣಿಗೆ ಎರಡೇ ಅಕ್ಷರ, ಅದರ ಲೆಕ್ಕದಲ್ಲಿ ಆರು. ಫೋನಿನಲ್ಲಿ ಉದ್ದದ ಟೈಟಲ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಹಾಗಾಗಿ ಮುಖ್ಯವಾದ ಮಾತನ್ನು ಹಿಂದಕ್ಕೆ ತಳ್ಳಬೇಡಿ.

ಇದೇ ಚಾನೆಲ್ಲಿನ ಇನ್ನೊಂದು ವಿಡಿಯೊ ನೋಡೋಣ. ಮನೆಯ ಅಜ್ಜಿ ಸೌದೆ ಒಲೆಯ ಮೇಲೆ ಪಂದಿ ಕರಿ ಮಾಡುತ್ತಾರೆ. ಟೈಟಲ್: "ಪಂದಿ ಕರಿ ಮಾಡುವ ವಿಧಾನ | Coorg Pandi Curry Recipe". ಬೋರ್ಡೋದಿಂದ ಪಾಠ ಕಲಿತವರು ಇಟ್ಟ ಟೈಟಲ್ ಇದು, ಹುಡುಕುವ ಮಾತು ಮೊದಲಿಗೇ ಇದೆ. ಪಟ್ಟಿ ತೆರೆದರೆ ಹುಡುಕಾಟದಿಂದ ನೂರಕ್ಕೆ 7 ಮಾತ್ರ, ಹೋಮ್ ಪೇಜಿನಿಂದ 55, ಸಜೆಸ್ಟೆಡ್‌ನಿಂದ 30. ಪಂದಿ ಕರಿ ರೆಸಿಪಿ ಹಾಕಿದವರು ಸಾಕಷ್ಟು ಜನ ಇದ್ದಾರೆ, ಅದರಲ್ಲಿ ದೊಡ್ಡ ದೊಡ್ಡ ಅಡುಗೆ ಚಾನೆಲ್‌ಗಳೂ ಇವೆ. ಹುಡುಕಾಟದ ಸಾಲಿನಲ್ಲಿ ಸಣ್ಣ ಚಾನೆಲ್ ಮೇಲೆ ಬರುವುದು ಕಷ್ಟ. ಆದರೆ ಯೂಟ್ಯೂಬ್ ತಾನಾಗಿಯೇ ಇದನ್ನು ಎತ್ತಿ ತೋರಿಸುತ್ತಿದೆ. ಯಾರಿಗೆ?

ಈಗ Suggested videos ಸಾಲನ್ನು ಒತ್ತಿ. ಯಾವ ಯಾವ ವಿಡಿಯೊಗಳ ಪಕ್ಕದಿಂದ ಜನ ಬಂದರು ಅಂತ ಹೆಸರು ಸಮೇತ ಬರುತ್ತದೆ. ಇಲ್ಲಿ ಎರಡು ಗುಂಪು ಮಾಡಿ. ನಿಮ್ಮದೇ ವಿಡಿಯೊಗಳಿಂದ ಬಂದವರು ಒಂದು ಕಡೆ. ಅವರಿಗೆ ಅಜ್ಜಿಯ ಪರಿಚಯ ಆಗಲೇ ಇದೆ. ಬೇರೆಯವರ ವಿಡಿಯೊಗಳಿಂದ ಬಂದವರು ಇನ್ನೊಂದು ಕಡೆ. ಆ ವಿಡಿಯೊಗಳ ಟೈಟಲ್‌ಗಳನ್ನು ಒಂದೊಂದಾಗಿ ಓದಿ. ನಮ್ಮ ಉದಾಹರಣೆಯಲ್ಲಿ ಅವು ರೆಸಿಪಿಗಳೇ ಅಲ್ಲ ಅಂದುಕೊಳ್ಳಿ. ಹಳ್ಳಿ ಮನೆಯ ದಿನಚರಿ, ಸೌದೆ ಒಲೆ, ಹಳೆಯ ಕಾಲದ ಅಡುಗೆಮನೆ, ಮಳೆ ಸುರಿಯುವ ಮಲೆನಾಡು. ಅಂದರೆ ಈ ನೋಡುಗರಲ್ಲಿ ಎಷ್ಟೋ ಜನ ಪಂದಿ ಕರಿ ಮಾಡುವವರೇ ಅಲ್ಲ, ಕೆಲವರು ಮಾಂಸ ತಿನ್ನುವವರೂ ಅಲ್ಲದಿರಬಹುದು. ಅವರು ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಸ್ವಲ್ಪ ಹೊತ್ತು ಕೂರಲು ಬಂದವರು. ಅವರಿಗೆ "ಮಾಡುವ ವಿಧಾನ" ಅಂದರೆ ಹೋಮ್‌ವರ್ಕ್ ಕೊಟ್ಟ ಹಾಗೆ.

ಇಂಥವರಿಗೆ ಟೈಟಲ್ ಬರೆಯುವಾಗ ವಿಡಿಯೊದ ಒಳಗೇ ಇರುವ ಒಂದು ಸಣ್ಣ ತಿರುವು ಹುಡುಕಿ. ಈ ವಿಡಿಯೊದಲ್ಲಿ ಅಂಥದ್ದೊಂದು ಇದೆ. ಮಾಂಸ ಬೆಂದ ಮೇಲೆ ಅಜ್ಜಿ ಬಾಟಲಿಯಿಂದ ಕಾಚಂಪುಳಿ ಅನ್ನುವ ಕಪ್ಪು ಹುಳಿಯನ್ನು ಒಂದು ಚಮಚ ಸುರಿಯುತ್ತಾರೆ, ಕರಿ ಬಣ್ಣ ತಿರುಗುತ್ತದೆ. ಹೊರಗಿನವರಿಗೆ ಅದು ಏನು ಅಂತಲೇ ಗೊತ್ತಿಲ್ಲ. ಹಾಗಾಗಿ: "ಕೊನೆಗೆ ಒಂದೇ ಚಮಚ ಕಾಚಂಪುಳಿ: ಅಜ್ಜಿಯ ಸೌದೆ ಒಲೆಯ ಪಂದಿ ಕರಿ". ಕೊನೆಗೆ ಏನೋ ಆಗುತ್ತದೆ ಅನ್ನುವ ಎಳೆ ಇದೆ, ಅಜ್ಜಿ ಇದ್ದಾರೆ, ಸೌದೆ ಒಲೆ ಇದೆ. ಪಂದಿ ಕರಿ ಅನ್ನುವ ಮಾತನ್ನೂ ಬಿಟ್ಟಿಲ್ಲ. ಇರುವ ನೂರಕ್ಕೆ 7 ಜನರನ್ನು ಸುಮ್ಮನೆ ಯಾಕೆ ಕಳೆದುಕೊಳ್ಳಬೇಕು?

"ಈ ಅಜ್ಜಿ ಮಾಡಿದ್ದು ನೋಡಿದರೆ ಬೆಚ್ಚಿಬೀಳ್ತೀರಿ" ಅಂತ ಯಾಕೆ ಇಡಬಾರದು ಅಂತ ಮೊದಲ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಇಡಬಹುದು, ಕ್ಲಿಕ್ಕೂ ಬರಬಹುದು. ಆದರೆ ಬಂದವರು ಮೊದಲ ಅರ್ಧ ನಿಮಿಷದಲ್ಲೇ ಎದ್ದು ಹೋಗುತ್ತಾರೆ. ತಾನಾಗಿ ತೋರಿಸುವಾಗ ಯೂಟ್ಯೂಬ್ ಜನ ಒತ್ತಿದರಾ ಅಂತ ಮಾತ್ರ ನೋಡುವುದಿಲ್ಲ, ಎಷ್ಟು ಹೊತ್ತು ಕೂತರು ಅಂತಲೂ ನೋಡುತ್ತದೆ. ಸುಳ್ಳು ಹೇಳುವ ಟೈಟಲ್‌ಗೆ ಹೋಮ್ ಪೇಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಈಗ ನಮ್ಮಲ್ಲಿ ತುಂಬಾ ಜನ ಎಡವುವ ಜಾಗಕ್ಕೆ ಬರುತ್ತೇನೆ. ಇದೇ ಇವತ್ತಿನ ಮುಖ್ಯ ಮಾತು, ಸ್ವಲ್ಪ ನಿಧಾನವಾಗಿ ಹೋಗೋಣ.

ಇಂಪ್ರೆಷನ್ ಅಂದರೆ ನಿಮ್ಮ ಥಂಬ್‌ನೇಲ್ ಜನರ ಎದುರಿಗೆ ಬಂದ ಸಲ. ಅರ್ಧಕ್ಕಿಂತ ಕಡಿಮೆಯಾಗದಷ್ಟು ಭಾಗ, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ಕ್ರೀನಿನಲ್ಲಿ ಕಂಡರೆ ಅದನ್ನು ಒಂದು ಇಂಪ್ರೆಷನ್ ಅಂತ ಎಣಿಸುತ್ತಾರೆ. ನೂರು ಇಂಪ್ರೆಷನ್‌ಗೆ ಎಷ್ಟು ಸಲ ಒತ್ತಿ ನೋಡಿದರು ಅನ್ನುವುದು ಸಿಟಿಆರ್. ಸ್ಟುಡಿಯೋ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಇದರ ಮೇಲೆಯೇ. ಚಾನೆಲ್‌ಗಳಲ್ಲಿ, ವಿಡಿಯೊಗಳಲ್ಲಿ ಅರ್ಧದಷ್ಟಕ್ಕೆ ಇದು 2ರಿಂದ 10 ಪರ್ಸೆಂಟ್ ಒಳಗೆ ಇರುತ್ತದೆ ಅಂತ ಯೂಟ್ಯೂಬ್ ಹೇಳುತ್ತದೆ. ಇಷ್ಟು ಅಗಲವಾದ ಗೆರೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಬೋರ್ಡೋ ವಿಡಿಯೊಗೆ ಮರಳೋಣ. ಟೈಟಲ್ ಬದಲಿಸಿದ ಮೇಲೆ ಜೂನ್‌ನ ಒಂದು ವಾರ. ಹುಡುಕಾಟದಲ್ಲಿ 1,000 ಇಂಪ್ರೆಷನ್, ಅದರಲ್ಲಿ 100 ಜನ ಒತ್ತಿದರು, ಸಿಟಿಆರ್ 10. ಹೋಮ್ ಪೇಜಿನಲ್ಲಿ 200 ಇಂಪ್ರೆಷನ್, 6 ಜನ ಒತ್ತಿದರು, ಸಿಟಿಆರ್ 3. ಎರಡನ್ನೂ ಸೇರಿಸಿದರೆ 1,200ಕ್ಕೆ 106, ಹೆಚ್ಚುಕಡಿಮೆ 8.8. ಸ್ಟುಡಿಯೋ ಮೇಲೆ ತೋರಿಸುವುದು ಈ ಕೂಡಿಸಿದ ಅಂಕಿಯನ್ನೇ. ಮಾಲೀಕರಿಗೆ ಖುಷಿ.

ಮುಂದಿನ ವಾರ ಯೂಟ್ಯೂಬ್ ಈ ವಿಡಿಯೊವನ್ನು ಹೋಮ್ ಪೇಜಿನಲ್ಲಿ ಜೋರಾಗಿ ಹಂಚಲು ಶುರುಮಾಡುತ್ತದೆ. ಹುಡುಕಾಟದಲ್ಲಿ ಅದೇ 1,000ಕ್ಕೆ 100. ಹೋಮ್ ಪೇಜಿನಲ್ಲಿ ಈಗ 9,000 ಇಂಪ್ರೆಷನ್, ಅದೇ 3 ಪರ್ಸೆಂಟ್ ಲೆಕ್ಕದಲ್ಲಿ 270 ಜನ ಒತ್ತಿದರು. ಕೂಡಿಸಿದರೆ 10,000ಕ್ಕೆ 370, ಅಂದರೆ 3.7. ನೋಡಿದವರು ಮೂರು ಪಟ್ಟಿಗಿಂತ ಜಾಸ್ತಿಯಾಗಿದ್ದಾರೆ. ಯಾವ ದಾರಿಯಲ್ಲೂ ಸಿಟಿಆರ್ ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಆದರೆ ಮೇಲಿನ ಅಂಕಿ 8.8ರಿಂದ 3.7ಕ್ಕೆ ಬಿದ್ದಿದೆ. ಮಾಲೀಕರು ಗಾಬರಿಯಾಗಿ "ಟೈಟಲ್ ಕೆಟ್ಟಿತು" ಅಂದುಕೊಂಡು, ರಾತ್ರೋರಾತ್ರಿ "ಈ ಒಂದು ತಪ್ಪು ಮಾಡಿದರೆ ಮೆಣಸು ಪೂರ್ತಿ ಹಾಳು!" ಅಂತ ಬದಲಿಸುತ್ತಾರೆ. ಬೋರ್ಡೋ ಅನ್ನುವ ಮಾತು ಹೋಯಿತು. ಜನ ಅತ್ಯಂತ ಹೆಚ್ಚು ಒತ್ತುತ್ತಿದ್ದ ಹುಡುಕಾಟದ ದಾರಿಯನ್ನು ಕೈಯಾರೆ ಕಡಿದ ಹಾಗಾಯಿತು.

ಹೀಗಾಗದಿರಲು ಕೂಡಿಸಿದ ಸಿಟಿಆರ್ ನೋಡುವುದನ್ನೇ ಬಿಡಿ. ಕಂಪ್ಯೂಟರ್‌ನಲ್ಲಿ Advanced mode ತೆರೆಯಿರಿ, Traffic source ಆರಿಸಿ. ಪ್ರತಿ ದಾರಿಗೂ ಇಂಪ್ರೆಷನ್, ಸಿಟಿಆರ್, ಸರಾಸರಿ ಎಷ್ಟು ಹೊತ್ತು ನೋಡಿದರು ಅನ್ನುವುದು ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಹುಡುಕಾಟದ ಸಾಲನ್ನು ಹುಡುಕಾಟದ ಹಳೆಯ ಸಾಲಿನ ಜೊತೆ ಹೋಲಿಸಿ, ಹೋಮ್ ಪೇಜನ್ನು ಹೋಮ್ ಪೇಜಿನ ಜೊತೆ. ಹೊರಗಿನಿಂದ, ಅಂದರೆ ವಾಟ್ಸಾಪ್ ಲಿಂಕಿನಿಂದ ಬಂದವರಿಗೆ ಇಂಪ್ರೆಷನ್ ಲೆಕ್ಕವೇ ಇರುವುದಿಲ್ಲ. ಅಲ್ಲಿ ಸಿಟಿಆರ್ ಹುಡುಕಬೇಡಿ.

ಟೈಟಲ್ ಬದಲಿಸಿದ ಮೇಲೆ ಸರಿಹೋಯಿತಾ ಅಂತ ತಿಳಿಯುವುದು ಹೇಗೆ? ಬದಲಿಸಿದ ತಾರೀಖು ಬರೆದಿಡಿ. ಅದೇ ದಿನ ಥಂಬ್‌ನೇಲ್ ಮುಟ್ಟಬೇಡಿ, ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಬದಲಿಸುವ ಮೊದಲಿನ ಎರಡು ವಾರ, ಆಮೇಲಿನ ಎರಡು ವಾರ ಇಟ್ಟು ನೋಡಿ. ತೋರಿಸಿದ್ದೇ ಬರೀ ಇನ್ನೂರು ಮುನ್ನೂರು ಸಲ ಇದ್ದರೆ ಆ ಸಿಟಿಆರ್‌ನಿಂದ ಏನೂ ತೀರ್ಮಾನ ಮಾಡಬೇಡಿ. ಹತ್ತು ಜನ ಹೆಚ್ಚಾದರೂ ಕಡಿಮೆಯಾದರೂ ಅಂಕಿ ಹಾರಾಡುತ್ತದೆ. ಇನ್ನು ನಮ್ಮಂಥ ಊರಿನಲ್ಲಿ ಋತುವಿನ ತೊಡಕೊಂದಿದೆ. ಬೋರ್ಡೋ ಹುಡುಕುವವರು ಮೇ ಕೊನೆಯಿಂದ ಆಗಸ್ಟ್‌ವರೆಗೆ. ಸೆಪ್ಟೆಂಬರ್ ಕೊನೆಗೆ ಟೈಟಲ್ ಬದಲಿಸಿ, ಅಕ್ಟೋಬರ್‌ನಲ್ಲಿ ಹುಡುಕಾಟ ಬಿತ್ತು ಅಂತ ಅತ್ತರೆ ತಪ್ಪು ಟೈಟಲ್‌ದಲ್ಲ, ಮಳೆ ನಿಂತದ್ದು ಕಾರಣ. ತಲಕಾವೇರಿ ವಿಡಿಯೊ ಮಾಡುವವರಿಗೂ ಇದೇ ಮಾತು. ಅಕ್ಟೋಬರ್ ಮಧ್ಯದ ತೀರ್ಥೋದ್ಭವದ ವಾರವನ್ನು ನವೆಂಬರ್‌ನ ಜೊತೆ ಹೋಲಿಸಬೇಡಿ. ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಗ್ರಾಫ್ ನೋಡಿಯೂ ಕೆಲವೊಮ್ಮೆ ಹೇಳಬಹುದು. ಹುಡುಕಾಟದ ವಿಡಿಯೊ ಮೊದಲ ದಿನ ಏನೂ ಇರುವುದಿಲ್ಲ. ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿ ನಡೆಯುತ್ತದೆ, ಋತು ಬಂದಾಗ ಏಳುತ್ತದೆ. ತಾನಾಗಿ ತೋರಿಸಿದ್ದು ಥಟ್ಟನೆ ಏರಿ ಇಳಿಯುತ್ತದೆ. ಎಷ್ಟು ಹೊತ್ತು ನೋಡಿದರು ಅನ್ನುವ ಗೆರೆಯೂ ಬೇರೆ. ಬೋರ್ಡೋ ಹುಡುಕಿದವನು ಅಳತೆ ಹೇಳುವ ಜಾಗಕ್ಕೆ ಹಾರಿ, ಅದನ್ನು ಎರಡು ಸಲ ನೋಡಿ ಹೊರಟುಬಿಡುತ್ತಾನೆ. ಅಲ್ಲಿ ಗೆರೆ ಉಬ್ಬುತ್ತದೆ. ಅವನು ಬೇಗ ಹೊರಟದ್ದು ನಿಮ್ಮ ಸೋಲಲ್ಲ, ಅವನ ಕೆಲಸ ಆಯಿತು ಅಷ್ಟೇ.

ಈಗ ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದರು: "ಎರಡೂ ಕಡೆಯಿಂದ ಸಮ ಸಮ ಬರ್ತಿದ್ದರೆ ಏನ್ ಮಾಡೋದು ಸರ್? ಎರಡನ್ನೂ ಸೇರಿಸಿ ಬರೆಯೋದಾ?" ಬರೆಯಬಹುದು ಸರ್, ಆದರೆ ಅರ್ಧ ಇದು ಅರ್ಧ ಅದು ಅಂತ ಬರೆದ ಟೈಟಲ್‌ಗಳಲ್ಲಿ ಹೆಚ್ಚಿನವು ಯಾರಿಗೂ ಬೇಡವಾಗುವುದನ್ನು ನೋಡಿದ್ದೇನೆ. ನಾನಾದರೆ ಕೆಲಸ ಹಂಚುತ್ತೇನೆ. ಟೈಟಲ್ ಹುಡುಕುವವರಿಗೆ ಬಿಡುತ್ತೇನೆ, ಥಂಬ್‌ನೇಲ್ ಹೋಮ್ ಪೇಜಿನವರಿಗೆ. ಬೋರ್ಡೋ ವಿಡಿಯೊದ ಟೈಟಲ್‌ನಲ್ಲಿ ಅಳತೆ ಇರಲಿ. ಥಂಬ್‌ನೇಲ್‌ನಲ್ಲಿ ಕೆಂಪು ಹತ್ತಿದ ಕತ್ತಿಯ ಚಿತ್ರ, ಅದರ ಮೇಲೆ "ಸುಣ್ಣ ಕಡಿಮೆಯಾಯ್ತು!" ಅಂತ ಎರಡೇ ಮಾತು. ಹುಡುಕಿದವನಿಗೆ ಟೈಟಲ್ ಭರವಸೆ ಕೊಡುತ್ತದೆ, ಸುಮ್ನೆ ಕಣ್ಣಾಡಿಸುವವನನ್ನು ಕತ್ತಿ ನಿಲ್ಲಿಸುತ್ತದೆ.

ಪೊನ್ನಂಪೇಟೆ ಕಡೆಯ ಒಬ್ಬ ಹುಡುಗಿ: "ನನ್ನ ವಿಡಿಯೊ ಎಲ್ಲಾ ಶಾರ್ಟ್ಸ್. ಪಟ್ಟಿಯಲ್ಲಿ Shorts feed ಅಂತ ಒಂದೇ ಸಾಲು ಬರುತ್ತೆ." ಅಲ್ಲಿ ಜನ ಆರಿಸಿ ಒತ್ತುವುದಿಲ್ಲಮ್ಮ, ಬೆರಳು ತಳ್ಳಿದಾಗ ವಿಡಿಯೊ ತಾನಾಗಿ ಬರುತ್ತದೆ. ಟೈಟಲ್‌ಗೆ ಅಲ್ಲಿ ಕೆಲಸ ಕಡಿಮೆ. ಮೊದಲ ಎರಡು ಸೆಕೆಂಡಿನ ಮೇಲೆ ತಲೆ ಕೆಡಿಸಿಕೊಳ್ಳಿ. ಶಾರ್ಟ್ಸ್‌ಗೂ ಹುಡುಕಾಟದಿಂದ ಜನ ಬರುತ್ತಿದ್ದರೆ ಮಾತ್ರ ಟೈಟಲ್ ಕಡೆ ನೋಡಿ.

ಕೊನೆಗೆ ಹೋಂಸ್ಟೇ ನಡೆಸುವವರೊಬ್ಬರು: "ನಮಗೆ ಬೆಂಗಳೂರಿನವರೂ ಬೇಕು, ಹೊರರಾಜ್ಯದವರೂ ಬೇಕು. ಕನ್ನಡದಲ್ಲಿ ಇಡಲಾ, ಇಂಗ್ಲಿಷ್‌ನಲ್ಲಾ?" ಹುಡುಕಾಟದ ಮಾತುಗಳ ಪಟ್ಟಿಯನ್ನೇ ಕೇಳಿ. ಅಲ್ಲಿ `coorg homestay` ಥರದ ಇಂಗ್ಲಿಷ್ ಮಾತುಗಳೇ ತುಂಬಿದ್ದರೆ ಇಂಗ್ಲಿಷ್ ಮೊದಲಿರಲಿ. ಒಂದೇ ವಿಡಿಯೊಗೆ ಬೇರೆ ಭಾಷೆಯ ಟೈಟಲ್ ಸೇರಿಸುವ ಸೌಲಭ್ಯವೂ ಸ್ಟುಡಿಯೋದಲ್ಲಿದೆ. ಆದರೆ ಅದರಲ್ಲಿ ಒಂದು ಕೊಕ್ಕೆ ಇದೆ. ನಮ್ಮ ಎಷ್ಟೋ ಜನ ಕನ್ನಡಿಗರ ಫೋನಿನ ಭಾಷೆ ಇಂಗ್ಲಿಷ್. ಅವರಿಗೆ ನೀವು ಬರೆದ ಕನ್ನಡದ ಟೈಟಲ್ ಬದಲು ಇಂಗ್ಲಿಷ್ ಟೈಟಲ್ ಕಾಣಬಹುದು. ಇಂಗ್ಲಿಷ್ ಟೈಟಲ್ ಸೇರಿಸಿದ ಮೇಲೆ ಎರಡು ವಾರ ಬಿಟ್ಟು ಹೋಮ್ ಪೇಜಿನ ಸಾಲನ್ನು ಮತ್ತೆ ತೆರೆಯಿರಿ. ಅಲ್ಲಿ ಸಿಟಿಆರ್ ಇಳಿದಿದ್ದರೆ ಆ ಇಂಗ್ಲಿಷ್ ಟೈಟಲ್ ತೆಗೆದುಬಿಡಿ.